ನಾಲ್ಕು ಕೊಟೇಶನ್ ಬಂದಾವ, ಒಂದಕ್ಕೊಂದು ತಾಳೆ ಆಗವಲ್ವು: ಎನ್‌ಕ್ವಯರಿಯೊಳಗಿನ ದೋಷ ಹುಡುಕೋದು ಹೆಂಗ

ಮೊದ್ಲ ಲಕ್ಷಣ ಹೇಳ್ತೀನಿ, ನಿಮ್ಮ ಕಡೆನೂ ಹಿಂಗ ಆಗೇತೇನು ನೋಡ್ರಿ. ಒಂದು ಮಷಿನ್ ಪಾರ್ಟ್‌ಗೆ ನಾಲ್ಕು ಕಡೆ ರೇಟ್ ಕೇಳೀರಿ. ಒಬ್ರು ಕೆಜಿಗೆ ಇಷ್ಟು ಅಂತ ಕೊಟ್ಟಾರ, ಇನ್ನೊಬ್ರು ಪೀಸಿಗೆ ಇಷ್ಟು ಅಂತಾರ, ಒಬ್ರದ್ರಾಗ ಜಿಎಸ್‌ಟಿ ಸೇರೇತಿ, ಒಬ್ರದ್ರಾಗ ಗಾಡಿ ಬಾಡಿಗೆ ಸೇರಿಲ್ಲ. ಪರ್ಚೇಸ್ ನೋಡೋ ಹುಡುಗ ಎರಡು ದಿನ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಕಡೀಕ ಪರಿಚಯ ಇದ್ದವ್ರಿಗೇ ಆರ್ಡರ್ ಹಾಕ್ತಾನ, ಮಾಲಕರು "ಯಾಕ ಇವ್ರಿಗೇ ಕೊಟ್ಟಿ" ಅಂದ್ರ ಅವನ ಹತ್ರ ತೋರ್ಸಾಕ ಒಂದು ಹಾಳಿ ಇರೂದಿಲ್ಲ.

ಇದಕ್ಕ ಎಲ್ಲಾರೂ ವೆಂಡರ್‌ಗಳನ್ನ ಬೈತಾರ, "ಫೌಂಡ್ರಿಯವ್ರು ಸರಿಯಾಗಿ ಕೊಟೇಶನ್ ಕೊಡೂದಿಲ್ರಿ" ಅಂತ. ನಾನು ನೋಡಿದಷ್ಟರ ಮಟ್ಟಿಗೆ ದೋಷ ಭಾಳ ಸಲ ನಾವು ಕಳಿಸಿದ ಎನ್‌ಕ್ವಯರಿಯೊಳಗೇ ಇರ್ತೈತಿ. ನಾವು ಏನು ಹೇಳಿರೂದಿಲ್ಲೋ ಅದನ್ನ ಪ್ರತಿಯೊಬ್ಬ ವೆಂಡರ್ ತನ್ನ ರೂಢಿ ಪ್ರಕಾರ ತುಂಬಿಕೊಳ್ತಾನ, ನಾಲ್ಕು ಜನ ನಾಲ್ಕು ನಮೂನಿ ತುಂಬ್ತಾರ. ಹಂಗಾಗಿ ರಿಪೇರಿ ಮಾಡೋದು ಆ ಖಾಲಿ ಜಾಗಗಳನ್ನ ಹುಡುಕೋದ್ರಿಂದ ಶುರು ಆಗ್ಬೇಕು.

ನಮ್ಮೂರು ಬೆಳಗಾವಿ ಅಂದ್ಮ್ಯಾಲೆ ಕಾಸ್ಟಿಂಗ್ ಉದಾಹರಣೆನೇ ತಗೋತೀನಿ, ಇಲ್ಲಿ ಉದ್ಯಮಬಾಗ, ಮಚ್ಛೆ, ಹೊನಗಾ ಎಲ್ಲಿ ಹೋದ್ರೂ ಈ ಮಾತು ದಿನಾ ನಡೀತಿರ್ತೈತಿ, ಮ್ಯಾಲೆ ಕೊಲ್ಹಾಪುರದ ಫೌಂಡ್ರಿಗಳೂ ಹತ್ರನೇ ಅದಾವ. ಉದ್ಯಮಬಾಗದ ಒಂದು ಮಷಿನ್ ಶಾಪ್. ಅವ್ರಿಗೆ ಬೇರಿಂಗ್ ಹೌಸಿಂಗ್ ಕಾಸ್ಟಿಂಗ್ ಬೇಕಾಗಿತ್ತು, ತಿಂಗಳಿಗೆ 200 ಪೀಸ್, ಆರು ತಿಂಗಳಿಗೆ 1,200. ಅವ್ರು ಕಳಿಸಿದ ಮೇಲ್ ಇಷ್ಟೇ: "ಲಗತ್ತಿಸಿದ ಡ್ರಾಯಿಂಗ್ ಪ್ರಕಾರ ಸಿಐ ಕಾಸ್ಟಿಂಗ್‌ಗೆ ಬೆಸ್ಟ್ ರೇಟ್ ಕೊಡಿ, ಅರ್ಜೆಂಟ್." ಡ್ರಾಯಿಂಗ್ ಅಂದ್ರ ಮಷಿನಿಂಗ್ ಆದ ಮ್ಯಾಲಿನ ಫಿನಿಷ್ ಡ್ರಾಯಿಂಗ್. ಕಾಸ್ಟಿಂಗ್ ಡ್ರಾಯಿಂಗ್ ಇರ್ಲೇ ಇಲ್ಲ.

ಬಂದ ಉತ್ತರ ನೋಡ್ರಿ. ರೇಟ್‌ಗಳು ಲೆಕ್ಕ ತೋರ್ಸಾಕ ರೌಂಡ್ ಮಾಡಿ ಹಾಕೀನಿ, ಇವತ್ತಿನ ಮಾರ್ಕೆಟ್ ರೇಟ್ ಅಂತ ತಿಳ್ಕೋಬ್ಯಾಡ್ರಿ.

ಒಂದನೇಯವ್ರು, ಹೊನಗಾದವ್ರು: ಕೆಜಿಗೆ 98 ರೂಪಾಯಿ, ಎಫ್‌ಜಿ 260, ಪ್ಯಾಟರ್ನ್ ಬ್ಯಾರೆ 60,000, ಬಾಡಿಗೆ ನಿಮ್ದು.
ಎರಡನೇಯವ್ರು, ಕೊಲ್ಹಾಪುರದವ್ರು: ಪೀಸಿಗೆ 1,310, ನಿಮ್ಮ ಬಾಗಿಲಿಗೆ ಮುಟ್ಟಿಸಿ, ಪ್ಯಾಟರ್ನ್ ಸೇರಿಸಿ, ಜಿಎಸ್‌ಟಿ ಬ್ಯಾರೆ.
ಮೂರನೇಯವ್ರು, ಮಚ್ಛೆಯವ್ರು: ಕೆಜಿಗೆ 92, ಗ್ರೇಡ್ ಬರೆದಿಲ್ಲ ಬರೀ "ಸಿಐ", ಪ್ಯಾಟರ್ನ್ 80,000, ಶಾಟ್ ಬ್ಲಾಸ್ಟಿಂಗ್ ಕೆಜಿಗೆ 2 ರೂಪಾಯಿ ಬ್ಯಾರೆ, ಬಾಡಿಗೆ ಬ್ಯಾರೆ.
ನಾಲ್ಕನೇಯವ್ರು: ಪೀಸಿಗೆ 1,520, "ಎಲ್ಲಾ ಸೇರಿ". ಎಲ್ಲಾ ಅಂದ್ರ ಏನೇನು ಅಂತ ಬರೆದಿಲ್ಲ.

ಕಣ್ಣಿಗೆ ಮೊದ್ಲು ಬೀಳೋದು 92, ಅದೇ ಕಡಿಮಿ ಅನಿಸ್ತೈತಿ. 1,520 ನೋಡಿದ ಕೂಡ್ಲೇ ಬದಿಗೆ ಇಡ್ತೀವಿ. ಎರಡೂ ತಪ್ಪಂತ ಹೆಂಗ ಗೊತ್ತಾತು ಹೇಳ್ತೀನಿ.

ಪತ್ತೆ ಹಚ್ಚೋದು: ಯಾರು ಏನು ತಾವೇ ತುಂಬಿಕೊಂಡಾರ

ಒಂದು ಎಕ್ಸೆಲ್ ಶೀಟ್ ತಗೋರಿ, ಮ್ಯಾಲೆ ಅಡ್ಡಕ್ಕ ನಾಲ್ಕು ವೆಂಡರ್, ಎಡಕ್ಕ ಉದ್ದಕ್ಕ ಬಾಬತ್ತುಗಳು: ಗ್ರೇಡ್, ಕಾಸ್ಟಿಂಗ್ ತೂಕ, ಮಷಿನಿಂಗ್ ಅಲೌನ್ಸ್, ಪ್ಯಾಟರ್ನ್, ಫೆಟ್ಲಿಂಗ್ ಮತ್ತ ಶಾಟ್ ಬ್ಲಾಸ್ಟಿಂಗ್, ಬಾಡಿಗೆ, ಜಿಎಸ್‌ಟಿ, ಪೇಮೆಂಟ್, ರಿಜೆಕ್ಷನ್. ಪ್ರತಿ ಮನಿಯೊಳಗ ಅವ್ರು ಕೊಟ್ಟ ಮಾಹಿತಿ ಬರೀರಿ. ಆಮ್ಯಾಲೆ ಮುಖ್ಯ ಕೆಲಸ, ನಾವು ಎನ್‌ಕ್ವಯರಿಯೊಳಗ ಕೇಳಿದ್ದಕ್ಕ ಬಂದ ಉತ್ತರ ಇದ್ರ ಹಂಗೇ ಬಿಡ್ರಿ, ಅವ್ರಾಗೇ ತುಂಬಿಕೊಂಡಿದ್ರ ಹಳದಿ ಬಣ್ಣ ಹಚ್ರಿ, ಏನೂ ಬರೆದಿಲ್ಲಂದ್ರ ಕೆಂಪು ಹಚ್ರಿ. ಈ ಶಾಪಿನ ಶೀಟ್‌ನಾಗ ಬಣ್ಣ ಇಲ್ಲದ ಸಾಲು ಒಂದೂ ಉಳೀಲಿಲ್ಲ.

ಇಲ್ಲಿ ಒಂದು ಮಾತು. ಒಬ್ಬನ ಕಾಲಂ ಅಷ್ಟೇ ಕೆಂಪಾಗಿದ್ರ ಆ ವೆಂಡರ್ ಸರಿಯಾಗಿ ಓದಿಲ್ಲ, ಫೋನ್ ಮಾಡಿ ಕೇಳಿದ್ರ ಸಾಕು. ಆದ್ರ ಒಂದು ಸಾಲು ಅಡ್ಡಕ್ಕ ಪೂರ್ತಿ ಹಳದಿ-ಕೆಂಪು ಆಗಿದ್ರ ಆ ಬಾಬತ್ತನ್ನ ನಾವು ಹೇಳೇ ಇಲ್ಲ ಅಂತ ಅರ್ಥ, ಅದು ಎನ್‌ಕ್ವಯರಿಯ ದೋಷ. ಫೋನ್ ಮಾಡಿ ಒಬ್ಬೊಬ್ರಿಗೆ ಕೇಳಿ ಸರಿ ಮಾಡೋಕೆ ಹೋಗಬ್ಯಾಡ್ರಿ, ಯಾಕಂದ್ರ ಒಬ್ಬೊಬ್ರಿಗೆ ಒಂದೊಂದು ಮಾತು ಹೇಳಿ ಹೊಸ ಫರಕು ಹುಟ್ಟಿಸ್ತೀರಿ.

ದೊಡ್ಡ ದೋಷ: ಕೆಜಿ ರೇಟ್ ಕೇಳಿದ್ರು, ತೂಕ ಕೇಳಲಿಲ್ಲ

ಇದಕ್ಕ ಸ್ವಲ್ಪ ಜಾಸ್ತಿ ಜಾಗ ಕೊಡ್ತೀನಿ, ಕಾಸ್ಟಿಂಗ್‌ನಾಗ ರೊಕ್ಕ ಹೋಗೋದು ಇಲ್ಲೇ.

ಫಿನಿಷ್ ಆದ ಹೌಸಿಂಗ್‌ನ ವಾಲ್ಯೂಮ್ ತ್ರೀಡಿ ಮಾಡೆಲ್‌ನಾಗ 1,360 ಘನ ಸೆಂಮೀ ಬಂತು. ಗ್ರೇ ಐರನ್ ಸಾಂದ್ರತೆ ಘನ ಸೆಂಮೀಗೆ ಸುಮಾರು 7.2 ಗ್ರಾಂ ಹಿಡಿದ್ರ 9.8 ಕೆಜಿ ಆತು. ಇದ್ರ ಮ್ಯಾಲೆ ಮಷಿನಿಂಗ್ ಆಗೋ ಮುಖಗಳಿಗೆ ಫೌಂಡ್ರಿಯವ್ರು ಹೆಚ್ಚಿಗಿ ಲೋಹ ಬಿಡ್ತಾರ, ಅದೇ ಅಲೌನ್ಸ್. ಈ ಪಾರ್ಟಿನಾಗ ಮಷಿನಿಂಗ್ ಆಗೋ ಮೇಲ್ಮೈ ಎಲ್ಲಾ ಕೂಡ್ಸಿ ಹೆಚ್ಚು ಕಡಿಮಿ 1,100 ಚದರ ಸೆಂಮೀ. 3 ಎಂಎಂ ಅಲೌನ್ಸ್ ಬಿಟ್ರ 330 ಘನ ಸೆಂಮೀ, ಅಂದ್ರ 2.4 ಕೆಜಿ ಹೆಚ್ಚು, ಕಾಸ್ಟಿಂಗ್ 12.2 ಕೆಜಿ. 5 ಎಂಎಂ ಬಿಟ್ರ ಸುಮಾರು 4 ಕೆಜಿ ಹೆಚ್ಚು, ಕಾಸ್ಟಿಂಗ್ 13.8ರ ಹತ್ರ ಹೋಗ್ತೈತಿ.

ಮಚ್ಛೆಯವ್ರಿಗೆ ತೂಕ ಎಷ್ಟು ಹಿಡಿದೀರಿ ಅಂತ ಕೇಳಿದಾಗ 13.6 ಅಂದ್ರು. ಹೊನಗಾದವ್ರು 12.4 ಅಂದ್ರು. ಮಚ್ಛೆಯವ್ರ ಮಾತು: "ಅಣ್ಣಾರ, ನೀವು ಅಲೌನ್ಸ್ ಎಲ್ಲೂ ಬರೆದಿಲ್ಲಲ್ರಿ, ಆಮ್ಯಾಲೆ ಮಟೀರಿಯಲ್ ಕಡಿಮಿ ಬಿತ್ತು ಅಂತ ರಿಜೆಕ್ಟ್ ಮಾಡ್ತೀರಿ ಅಂತ ಸೇಫ್ ಆಗಿ ಐದು ಎಂಎಂ ಹಿಡಿದೆ." ಅವ್ರದು ಏನೂ ತಪ್ಪಿಲ್ಲ. ಅವ್ರ ಜಾಗದಾಗ ಯಾರಿದ್ರೂ ಹಂಗೇ ಮಾಡ್ತಿದ್ರು.

ಈಗ ಲೆಕ್ಕ ಹಾಕ್ರಿ. ಕೆಜಿಗೆ 92ರಂಗ 13.6 ಕೆಜಿ ಅಂದ್ರ 1,251 ರೂಪಾಯಿ, 98ರಂಗ 12.4 ಕೆಜಿ ಅಂದ್ರ 1,215. ಕಡಿಮಿ ರೇಟ್ ಇದ್ದವ್ರ ಪೀಸೇ 36 ರೂಪಾಯಿ ತುಟ್ಟಿ ಆತು, ಅದೂ ಪ್ಯಾಟರ್ನ್, ಬ್ಲಾಸ್ಟಿಂಗ್ ಸೇರ್ಸೋಕಿಂತ ಮೊದ್ಲು. ಮ್ಯಾಲೆ ಆ ಹೆಚ್ಚಿನ 1.2 ಕೆಜಿಯನ್ನ ನಮ್ಮ ಮಷಿನ್ ಮ್ಯಾಲೆ ಟೈಮ್ ಹಾಕಿ, ಇನ್ಸರ್ಟ್ ಸವೆಸಿ ತಗೀಬೇಕು, ತಗದದ್ದು ಬೋರಿಂಗ್ ಸ್ಕ್ರ್ಯಾಪ್ ಆಗಿ ಹೋಗ್ತೈತಿ, ಕೊಂಡ ರೇಟಿನ ಒಂದು ಪಾಲಷ್ಟೇ ವಾಪಸ್ ಬರ್ತೈತಿ.

ರಿಪೇರಿ: ಎನ್‌ಕ್ವಯರಿ ಜೊತಿ ಕಾಸ್ಟಿಂಗ್ ಡ್ರಾಯಿಂಗ್ ಕಳಿಸ್ರಿ, ಅದಾಗಲಿಲ್ಲಂದ್ರ ಫಿನಿಷ್ ಡ್ರಾಯಿಂಗ್ ಮ್ಯಾಲೇ ಮಷಿನಿಂಗ್ ಆಗೋ ಮುಖಗಳಿಗೆ ಕೆಂಪು ಗೆರಿ ಎಳೆದು "ಅಲೌನ್ಸ್ 3 ಎಂಎಂ" ಅಂತ ಬರೀರಿ, ಯಾವ ತೂತು ಕೋರ್ ಹಾಕಿ ಬರ್ಬೇಕು, ಯಾವುದು ಸಾಲಿಡ್ ಬಂದ್ರ ನಡೀತೈತಿ ಅನ್ನೋದನ್ನೂ ಬರೀರಿ. ರೇಟ್ ಕೇಳುವಾಗ ಕೆಜಿ ರೇಟ್ ಮತ್ತ ಪೀಸ್ ತೂಕ ಎರಡನ್ನೂ ಕೇಳ್ರಿ. ಮತ್ತ ಬಿಲ್ಲಿಂಗ್ ಶರತ್ತು ಒಂದು ಸಾಲು ಹಾಕ್ರಿ: "ಬಿಲ್ ನಿಜ ತೂಕದ ಮ್ಯಾಲೆ, ಆದ್ರ ಕೊಟೇಶನ್ ತೂಕಕ್ಕಿಂತ ಶೇಕಡಾ 3ರಷ್ಟು ಹೆಚ್ಚಿನವರೆಗೆ ಮಾತ್ರ, ಅದಕ್ಕೂ ಮೀರಿದ ತೂಕಕ್ಕ ರೊಕ್ಕ ಇಲ್ಲ." ಈ ಸಾಲು ಇಲ್ಲಂದ್ರ ಕೊಟೇಶನ್‌ನಾಗ 12.4 ಬರೆದು ಮಾಲು 13.2 ಬಂದ್ರೂ ಕೇಳೋ ಹಕ್ಕು ಇರೂದಿಲ್ಲ. ಶೇಕಡಾ 3 ಅನ್ನೋದು ಕಲ್ಲಿನ್ಯಾಗ ಕೊರದದ್ದಲ್ಲ, ಮೋಲ್ಡ್ ಎತ್ತರ ಹೆಚ್ಚಿದ್ದ ಪಾರ್ಟ್‌ಗೆ ಫೌಂಡ್ರಿಯವ್ರ ಜೊತಿ ಮಾತಾಡಿ ಇಡ್ರಿ, ಆದ್ರ ಎಲ್ಲಾ ವೆಂಡರ್‌ಗೂ ಒಂದೇ ಇರ್ಲಿ.

ಎರಡನೇ ದೋಷ: "ಸಿಐ" ಅಂದ್ರ ಯಾವ ಸಿಐ

ಗ್ರೇ ಐರನ್‌ಗೆ ನಮ್ಮ ಸ್ಟ್ಯಾಂಡರ್ಡ್ ಐಎಸ್ 210. ಅದ್ರಾಗ ಎಫ್‌ಜಿ 200, ಎಫ್‌ಜಿ 220, ಎಫ್‌ಜಿ 260 ಅಂತೆಲ್ಲಾ ಗ್ರೇಡ್ ಅದಾವ, ಆ ಸಂಖ್ಯೆ ಟೆಸ್ಟ್ ಬಾರ್‌ನ ಕನಿಷ್ಠ ಟೆನ್ಸೈಲ್ ಸ್ಟ್ರೆಂತ್, ಮೆಗಾಪ್ಯಾಸ್ಕಲ್‌ನಾಗ. ಗ್ರೇಡ್ ಏರಿದಂಗ ಚಾರ್ಜ್ ಮಿಕ್ಸ್ ಮತ್ತ ಇನಾಕ್ಯುಲೇಶನ್ ಮ್ಯಾಲೆ ಹೆಚ್ಚಿನ ಹಿಡಿತ ಬೇಕು, ರೇಟೂ ಏರ್ತೈತಿ. "ಸಿಐ" ಅಂತಷ್ಟೇ ಬರೆದ್ರ ಕಡಿಮಿ ರೇಟ್ ಕೊಡ್ಬೇಕಂತ ಇರೋವ್ರು ತಮಗ ಸುಲಭ ಆದ ಗ್ರೇಡ್ ಹಿಡೀತಾರ. ನಾಲ್ಕನೇಯವ್ರ 1,520 ಎಫ್‌ಜಿ 200ಕ್ಕ ಕೊಟ್ಟದ್ದಂತ ಆಮ್ಯಾಲೆ ಗೊತ್ತಾತು.

ಗ್ರೇಡ್ ಜೊತಿ ಹಾರ್ಡ್‌ನೆಸ್ ವ್ಯಾಪ್ತಿನೂ ಬರೀರಿ, ಈ ಹೌಸಿಂಗ್‌ಗೆ 180ರಿಂದ 230 ಬಿಎಚ್‌ಎನ್ ಹಾಕಿದ್ರು, ಮತ್ತ ಅದನ್ನ ಡ್ರಾಯಿಂಗ್‌ನಾಗ ಯಾವ ಜಾಗಾದಾಗ ನೋಡ್ಬೇಕು ಅಂತ ಗುರ್ತು ಮಾಡಿದ್ರು. ಟೆಸ್ಟ್ ಸರ್ಟಿಫಿಕೇಟ್ ಪ್ರತಿ ಹೀಟ್‌ಗೆ ಬೇಕೋ ಪ್ರತಿ ಲಾಟ್‌ಗೆ ಬೇಕೋ ಅದನ್ನೂ ಬರೀಬೇಕು, ಅದಕ್ಕೂ ಖರ್ಚು ಐತಿ.

ಎಲ್ಲಾನೂ ಒಂದೇ ಜಾಗಕ್ಕ ತರೋದು

ಈಗ ಹಳೆ ನಾಲ್ಕು ಕೊಟೇಶನ್ನ ಒಂದೇ ಅಳತಿಗೆ ತರೋಣು. ಅಳತಿ ಅಂದ್ರ: ಒಂದು ಪೀಸ್, ನಮ್ಮ ಶಾಪಿನ ಬಾಗಿಲಿಗೆ ಮುಟ್ಟಿ, ಪ್ಯಾಟರ್ನ್ ಖರ್ಚು 1,200 ಪೀಸಿಗೆ ಹಂಚಿ, ಜಿಎಸ್‌ಟಿ ಬಿಟ್ಟು. ಜಿಎಸ್‌ಟಿ ಬಿಡೋದು ಯಾಕಂದ್ರ ಈ ಶಾಪ್ ರೆಗ್ಯುಲರ್ ರಿಜಿಸ್ಟ್ರೇಶನ್ ಇದ್ದು ಇನ್‌ಪುಟ್ ಕ್ರೆಡಿಟ್ ತಗೋತೈತಿ. ಕಾಂಪೋಸಿಶನ್ ಸ್ಕೀಮ್‌ನಾಗ ಇದ್ದವ್ರಿಗೆ ಆ ಕ್ರೆಡಿಟ್ ಸಿಗಂಗಿಲ್ಲ, ಅವ್ರು ಜಿಎಸ್‌ಟಿ ಸೇರ್ಸಿನೇ ಹೋಲಿಸ್ಬೇಕು. ಕೊಲ್ಹಾಪುರದಿಂದ ಬಂದ್ರ ಐಜಿಎಸ್‌ಟಿ, ಇಲ್ಲಿಯವ್ರಾದ್ರ ಸಿಜಿಎಸ್‌ಟಿ ಮತ್ತ ಎಸ್‌ಜಿಎಸ್‌ಟಿ, ಒಟ್ಟು ದರ ಒಂದೇ, ಅದ್ರ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ.

ಕೆಜಿ ರೇಟ್ ಕೊಟ್ಟವ್ರಿಗೆ ಶೀಟ್‌ನಾಗ ಈ ಫಾರ್ಮುಲಾ ಹಾಕ್ರಿ. B2 ಕೆಜಿ ರೇಟ್, B3 ತೂಕ, B4 ಪ್ಯಾಟರ್ನ್, B5 ಒಟ್ಟು ಪೀಸ್, B6 ಬ್ಲಾಸ್ಟಿಂಗ್ ಕೆಜಿಗೆ, B7 ಬಾಡಿಗೆ ಕೆಜಿಗೆ:

```
=B2*B3 + B4/B5 + (B6+B7)*B3
```

ಟೆಂಪೋ ಬಾಡಿಗೆ ಕೆಜಿಗೆ 1 ರೂಪಾಯಿ ಹಿಡಿದ್ರ ಹೊನಗಾದವ್ರದು 1,278 ಬಂತು. ಮಚ್ಛೆಯವ್ರದು 1,359. ಕೊಲ್ಹಾಪುರದವ್ರದು ಹೇಳಿದಂಗ 1,310. ನಾಲ್ಕನೇಯವ್ರ "ಎಲ್ಲಾ ಸೇರಿ"ಯೊಳಗ ಶೇಕಡಾ 18 ಜಿಎಸ್‌ಟಿನೂ ಇತ್ತು ಅಂತ ಫೋನ್‌ನಾಗ ತಿಳೀತು, 1,520ನ್ನ 1.18ರಿಂದ ಭಾಗಿಸಿದ್ರ 1,288. ಅಂದ್ರ ಕಡಿಮಿ ಅನ್ಕೊಂಡವ್ರು ಎಲ್ಲಾರಿಗಿಂತ ತುಟ್ಟಿ, ತುಟ್ಟಿ ಅನ್ಕೊಂಡವ್ರು ಎರಡನೇ ನಂಬರ್. ಇಷ್ಟಾದ್ರೂ ಈ ಅಂಕಿ ನೋಡಿ ಆರ್ಡರ್ ಹಾಕ್ಬಾರ್ದು, ಗ್ರೇಡೇ ಬ್ಯಾರೆ ಬ್ಯಾರೆ ಐತಲ್ಲ. ಈ ಲೆಕ್ಕ ದೋಷ ಎಲ್ಲೈತಿ ಅಂತ ತೋರ್ಸಾಕ ಅಷ್ಟೇ. ಎನ್‌ಕ್ವಯರಿ ಮತ್ತ ಕಳಿಸ್ಲೇಬೇಕು.

ಮತ್ತ ಕಳಿಸೋ ಎನ್‌ಕ್ವಯರಿ

ಎರಡು ಭಾಗ ಮಾಡ್ರಿ. ಮೊದಲನೇ ಭಾಗದಾಗ ನಾವು ಫಿಕ್ಸ್ ಮಾಡಿದ್ದು, ಅದನ್ನ ವೆಂಡರ್ ಮುಟ್ಟಂಗಿಲ್ಲ: ಡ್ರಾಯಿಂಗ್ ನಂಬರ್ ಮತ್ತ ರಿವಿಜನ್, ಗ್ರೇಡ್, ಅಲೌನ್ಸ್, ತಿಂಗಳ ಪ್ರಮಾಣ, ಡೆಲಿವರಿ ಜಾಗ, ಪೇಮೆಂಟ್ ದಿನ, ರಿಜೆಕ್ಷನ್ ಶರತ್ತು, ಕೊಟೇಶನ್ ಎಷ್ಟು ದಿನ ನಡೀಬೇಕು. ಎರಡನೇದು ಅವ್ರು ತುಂಬೋ ಫಾರ್ಮ್. ಈ ಶಾಪಿನವ್ರು ಹಾಕಿದ್ದು ಇಷ್ಟೇ:

ಕಾಸ್ಟಿಂಗ್ ತೂಕ, ಕೆಜಿ: ____
ರೇಟ್ ಕೆಜಿಗೆ, ಎಫ್‌ಜಿ 260, ಫೆಟ್ಲಿಂಗ್ ಮತ್ತ ಶಾಟ್ ಬ್ಲಾಸ್ಟಿಂಗ್ ಸೇರಿ, ಜಿಎಸ್‌ಟಿ ಬಿಟ್ಟು: ____
ಪ್ಯಾಟರ್ನ್ ಮತ್ತ ಕೋರ್ ಬಾಕ್ಸ್ ಒಟ್ಟು ಬೆಲೆ, ಯಾವುದ್ರಾಗ ಮಾಡಿದ್ದು: ____
ಉದ್ಯಮಬಾಗಕ್ಕ ಮುಟ್ಟಿಸೋ ಖರ್ಚು, ಕೆಜಿಗೆ: ____
ಸ್ಯಾಂಪಲ್‌ಗೆ ಎಷ್ಟು ದಿನ, ಸ್ಯಾಂಪಲ್ ಪಾಸ್ ಆದ ಮ್ಯಾಲೆ ಮೊದಲ ಲಾಟ್‌ಗೆ ಎಷ್ಟು ದಿನ: ____
ಮೊದಲನೇ ಭಾಗದ ಯಾವ ಶರತ್ತು ಒಪ್ಪಂಗಿಲ್ಲ, ಅದನ್ನ ಒಪ್ಪಿದ್ರ ರೇಟ್ ಎಷ್ಟು ಏರ್ತೈತಿ: ____

ಕಡೀ ಸಾಲು ಭಾಳ ಮುಖ್ಯ. ಅದಿಲ್ಲಂದ್ರ ವೆಂಡರ್ ಒಪ್ಪದ ಶರತ್ತನ್ನ ಲೆಟರ್‌ಹೆಡ್ ಕೆಳಗ ಸಣ್ಣ ಅಕ್ಷರದಾಗ ಬರೀತಾನ, ನಮ್ಮ ಕಣ್ಣಿಗೆ ಬೀಳೋದು ಆರ್ಡರ್ ಹಾಕಿದ ಮ್ಯಾಲೆ.

ಪ್ಯಾಟರ್ನ್ ಸಾಲಿನ ಬಗ್ಗೆ ಒಂದೆರಡು ಮಾತು. ಕೊಲ್ಹಾಪುರದವ್ರು ಪೀಸ್ ರೇಟಿನ್ಯಾಗೇ ಸೇರಿಸಿದ್ರಲ್ಲ, ಅದ್ರಿಂದ ಹೋಲಿಕೆ ಕೆಡೋದಷ್ಟೇ ಅಲ್ಲ, ನಾಳೆ ಆ ಪ್ಯಾಟರ್ನ್ ಯಾರ್ದು ಅನ್ನೋ ಜಗಳನೂ ಬರ್ತೈತಿ. ಮಾಲು ಸರಿ ಬರವಲ್ದು ಅಂತ ಬ್ಯಾರೆ ಫೌಂಡ್ರಿಗೆ ಹೋಗ್ಬೇಕಂದ್ರ ಪ್ಯಾಟರ್ನ್ ಅವ್ರ ಹತ್ರನೇ ಉಳೀತೈತಿ. ಬ್ಯಾರೆ ಸಾಲಾಗಿ ಕೇಳಿ, ಬ್ಯಾರೆ ಬಿಲ್ ಮಾಡಿಸಿ, ನಮ್ಮ ಹೆಸರು ಕೊರೆಸಿ ಇಡ್ರಿ. ಮತ್ತ ಕಟ್ಟಿಗಿ ಪ್ಯಾಟರ್ನ್ ಅಗ್ಗ, ಆದ್ರ ಮೋಲ್ಡಿಂಗ್ ಹೆಚ್ಚಾದಂಗ ಸವೀತೈತಿ, ತೇವಕ್ಕ ಅಳತಿ ಬದಲಾಗ್ತೈತಿ, 1,200 ಪೀಸಿನ ಕೆಲಸಕ್ಕ ಅಲ್ಯೂಮಿನಿಯಂ ಕೇಳಿದ್ರು.

ಪೇಮೆಂಟ್ ದಿನ ಫಿಕ್ಸ್ ಮಾಡುವಾಗ "90 ದಿನ" ಅಂತ ಬರೀಬ್ಯಾಡ್ರಿ. ವೆಂಡರ್ ಉದ್ಯಮ್ ರಿಜಿಸ್ಟ್ರೇಶನ್ ಇರೋ ಮೈಕ್ರೋ ಅಥವಾ ಸ್ಮಾಲ್ ಘಟಕ ಇದ್ರ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಬರೆದು ಒಪ್ಪಿಕೊಂಡಿದ್ರೂ 45 ದಿನ ಮೀರಂಗಿಲ್ಲ, ಬರೆದು ಒಪ್ಪಿಕೊಂಡಿಲ್ಲಂದ್ರ 15 ದಿನ. ತಡಾ ಮಾಡಿದ್ರ ಇನ್‌ಕಮ್ ಟ್ಯಾಕ್ಸ್‌ನಾಗೂ ಆ ಖರ್ಚು ರೊಕ್ಕ ಕೊಟ್ಟ ವರ್ಷಕ್ಕೇ ಸಿಗೋದು, 43ಬಿ(ಎಚ್) ಬಂದ ಮ್ಯಾಲೆ ನಿಮ್ಮ ಸಿಎ ಇದನ್ನ ಹೇಳೇ ಇರ್ತಾರ.

ರಿಜೆಕ್ಷನ್ ಶರತ್ತೂ ಬಿಡಿಸಿ ಬರೀರಿ. ಬ್ಲೋ ಹೋಲ್ ಭಾಳ ಸಲ ಮಷಿನಿಂಗ್ ಮಾಡುವಾಗ ಕಾಣಿಸ್ತೈತಿ, ಅಷ್ಟೊತ್ತಿಗೆ ನಮ್ಮ ಮಷಿನ್ ಟೈಮ್ ಹೋಗಿರ್ತೈತಿ. "ಕಾಸ್ಟಿಂಗ್ ಬದಲಿ ಕೊಡ್ತೀವಿ" ಅನ್ನೋದು ಬ್ಯಾರೆ, "ಬದಲಿ ಕೊಟ್ಟು ಮಷಿನಿಂಗ್ ಖರ್ಚಿನ ಡೆಬಿಟ್ ನೋಟ್ ಒಪ್ತೀವಿ" ಅನ್ನೋದು ಬ್ಯಾರೆ. ಪೀಸಿಗೆ 240 ರೂಪಾಯಿ ಮಷಿನಿಂಗ್ ಹೋಗಿ 100ಕ್ಕ 3 ಪೀಸ್ ಹಂಗ ಹೋದ್ರ ಒಳ್ಳೆ ಪೀಸಿನ ಮ್ಯಾಲೆ 7 ರೂಪಾಯಿಗಿಂತ ಹೆಚ್ಚು ಬೀಳ್ತೈತಿ.

ಕಳ್ಸೋಕಿಂತ ಮೊದ್ಲು ಟೆಸ್ಟ್

ಇದನ್ನ ಯಾರೂ ಮಾಡೂದಿಲ್ಲ, ಮಾಡ್ರಿ. ಎನ್‌ಕ್ವಯರಿ ರೆಡಿ ಆದ ಮ್ಯಾಲೆ ನಿಮ್ಮ ಶಾಪಿನ ಇಬ್ರಿಗೆ ಕೊಡ್ರಿ, ಒಬ್ಬ ಸ್ಟೋರ್ಸ್‌ನವ, ಒಬ್ಬ ಪ್ರೊಡಕ್ಷನ್‌ನವ. ಇಬ್ರಿಗೂ ಒಂದೇ ಕಾಲ್ಪನಿಕ ರೇಟ್ ಕೊಡ್ರಿ, ಕೆಜಿಗೆ 100 ಅಂತ ಇಟ್ಕೋರಿ, ತೂಕ 12 ಕೆಜಿ, ಪ್ಯಾಟರ್ನ್ 60,000, ಬಾಡಿಗೆ ಕೆಜಿಗೆ 1. ಬ್ಯಾರೆ ಬ್ಯಾರೆ ಕೂತು ಬಾಗಿಲಿಗೆ ಮುಟ್ಟೋ ಪೀಸ್ ಬೆಲೆ ತಗೀಲಿ. ಇಬ್ರದೂ 1,262 ಬಂದ್ರ ಫಾರ್ಮ್ ಸರಿ ಐತಿ. ಬ್ಯಾರೆ ಬಂದ್ರ ಇಬ್ರೂ ಎಲ್ಲಿ ಬ್ಯಾರೆ ದಾರಿ ಹಿಡಿದ್ರು ಅಂತ ಕೇಳ್ರಿ, ಆ ಸಾಲಿನ ಶಬ್ದ ತಿದ್ರಿ. ಈ ಶಾಪಿನ್ಯಾಗ ಒಬ್ಬ ಪ್ಯಾಟರ್ನ್ ಖರ್ಚನ್ನ 200ಕ್ಕ ಹಂಚಿದ್ದ, ಯಾಕಂದ್ರ ಫಾರ್ಮ್‌ನಾಗ ಮೊದ್ಲು "ಪ್ರಮಾಣ 200" ಅಂತಷ್ಟೇ ಇತ್ತು, ತಿಂಗಳಿಗೋ ಒಟ್ಟೋ ಅಂತ ಇರ್ಲಿಲ್ಲ.

ಆದ್ರೂ ಫಾರ್ಮ್ ತುಂಬದೆ ಲೆಟರ್‌ಹೆಡ್ ಕಳಿಸ್ತಾರಲ್ಲ

ಕಳಿಸ್ತಾರ. ಎರಡು ಕಾರಣ ಇರ್ತಾವ. ಒಂದು, ಫಾರ್ಮ್ ಉದ್ದ ಆಗಿರ್ತೈತಿ. ಕರೆಂಟ್ ಎಷ್ಟು, ಲೇಬರ್ ಎಷ್ಟು, ಮೆಲ್ಟಿಂಗ್ ಲಾಸ್ ಎಷ್ಟು, ಲಾಭ ಎಷ್ಟು ಅಂತ ಪೂರ್ತಿ ಬಿಡಿಸಿ ಕೇಳಿದ್ರ ಸಣ್ಣ ಫೌಂಡ್ರಿಯವ್ರು ತಮ್ಮ ಗುಟ್ಟು ಕೇಳ್ಯಾರ ಅಂತ ತಿಳ್ಕೊಂಡು ಒಂದೇ ಅಂಕಿ ಬರೆದು ಕಳಿಸ್ತಾರ. ಹೋಲಿಕೆಗೆ ಬೇಕಾದಷ್ಟೇ ಕೇಳ್ರಿ, ಅದಕ್ಕೇ ಮ್ಯಾಲಿಂದು ಆರೇ ಸಾಲು ಐತಿ. ಎರಡನೇದು, ಅವ್ರಿಗೆ ಬ್ಯಾರೆ ಒಳ್ಳೆ ದಾರಿ ಗೊತ್ತಿರ್ತೈತಿ, ಒಂದು ಮೂಲಿ ದಪ್ಪ ಮಾಡಿದ್ರ ಕೋರ್ ಉಳೀತೈತಿ ಅಂತ. ಅದನ್ನ ತಡೀಬ್ಯಾಡ್ರಿ, "ಬದಲಿ ಸಲಹೆ ಇದ್ರ ಬ್ಯಾರೆ ಹಾಳಿಯೊಳಗ ಕೊಡ್ರಿ, ಆದ್ರ ಮೂಲ ಫಾರ್ಮ್ ತುಂಬಲೇಬೇಕು" ಅಂತ ಬರೀರಿ. ಸಲಹೆ ಚಲೋ ಇತ್ತಂದ್ರ ಡ್ರಾಯಿಂಗ್ ರಿವಿಜನ್ ಮಾಡಿ ಎಲ್ಲಾರಿಗೂ ಕಳಿಸೋದು ಸರಿ ಅನಿಸ್ತೈತಿ, ಆದ್ರ ಒಬ್ಬ ಯೋಚಿಸಿದ್ದನ್ನ ಅವನ್ನ ಕೇಳದೆ ಮೂರು ಜನಕ್ಕ ಹಂಚೋದು ನ್ಯಾಯ ಅಲ್ಲ, ಮೊದ್ಲು ಒಪ್ಪಿಗಿ ತಗೋರಿ. ಬರೀ ಸಂಶಯ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಮಾತ್ರ ಹೆಸರು ಹೇಳದೆ ನಾಲ್ಕೂ ಜನಕ್ಕ ಅದೇ ದಿನ ಮೇಲ್ ಹಾಕ್ರಿ.

ಈ ಪದ್ಧತಿ ನಡೆಯೋದು ನಮಗ ಏನು ಬೇಕು ಅಂತ ಡ್ರಾಯಿಂಗ್‌ನಾಗ ಹೇಳಾಕ ಬರೋ ಮಾಲಿಗೆ. ಫಿಕ್ಸ್ಚರ್ ನೀವೇ ಡಿಸೈನ್ ಮಾಡಿ ಕೊಡ್ರಿ ಅಂತ ಕೇಳೋ ಕೆಲಸಕ್ಕ ಇದನ್ನ ಹಚ್ಚಿದ್ರ ನಡಿಯಂಗಿಲ್ಲ, ಅಲ್ಲಿ ಡಿಸೈನ್‌ಗೆ ಮೊದ್ಲು ಬ್ಯಾರೆ ರೊಕ್ಕ ಕೊಟ್ಟು ಡ್ರಾಯಿಂಗ್ ಮಾಡಿಸ್ಕೊಂಡು ಆಮ್ಯಾಲೆ ರೇಟ್ ಕೇಳೋದು ಚಲೋ.

ಎರಡನೇ ಸುತ್ತಿನ ಉತ್ತರ ಬಂದಾಗ ಏನಾತು ಹೇಳ್ತೀನಿ. ಮಚ್ಛೆಯವ್ರು 3 ಎಂಎಂ ಅಲೌನ್ಸ್‌ಗೆ ತೂಕ 12.4ಕ್ಕ ಇಳಿಸಿದ್ರು, ಎಫ್‌ಜಿ 260ಕ್ಕ ಬ್ಲಾಸ್ಟಿಂಗ್ ಸೇರಿ ರೇಟ್ 98 ಮಾಡಿದ್ರು, ಬಾಗಿಲಿಗೆ 1,294 ಆತು, 1,359 ಇದ್ದದ್ದು. ಹೊನಗಾದವ್ರದು ಬದಲಾಗ್ಲಿಲ್ಲ, 1,278. ಕೊಲ್ಹಾಪುರದವ್ರು ಪ್ಯಾಟರ್ನ್ ಬ್ಯಾರೆ ಸಾಲಾಗಿ ತೋರಿಸಿದಾಗ ಅದೂ ಸೇರಿ 1,300. ನಾಲ್ಕನೇಯವ್ರು ಎಫ್‌ಜಿ 260 ಅಂದ ಕೂಡ್ಲೇ 1,315ಕ್ಕ ಏರಿದ್ರು. ಮೊದ್ಲು 81 ರೂಪಾಯಿ ಇದ್ದ ಅಂತರ 37ಕ್ಕ ಬಂತು, ಕಡಿಮಿ ಆದ 44 ರೂಪಾಯಿ ಎನ್‌ಕ್ವಯರಿಯ ಖಾಲಿ ಜಾಗದಿಂದ ಹುಟ್ಟಿದ ಫರಕಾಗಿತ್ತು.

ಹೊನಗಾ ಮತ್ತ ಮಚ್ಛೆ ನಡುವೆ 16 ರೂಪಾಯಿ ಉಳೀತು. ಒಪ್ಪದ ಶರತ್ತಿನ ಸಾಲಿನ್ಯಾಗ ಮಚ್ಛೆಯವ್ರು ಮಾಲು ಎತ್ತೋಕಿಂತ ಮೊದ್ಲು ಪೂರ್ತಿ ಪೇಮೆಂಟ್ ಬೇಕು ಅಂತ ಬರೆದಿದ್ರು, ಹೊನಗಾದವ್ರು 45 ದಿನ ಒಪ್ಪಿದ್ರು. ವರ್ಷಕ್ಕ ಶೇಕಡಾ 12 ಬಡ್ಡಿ ಹಿಡಿದ್ರ 45 ದಿನಕ್ಕ ಪೀಸಿನ ಮ್ಯಾಲೆ ಇನ್ನೂ 19 ರೂಪಾಯಿ ಆತು. ಡೆಬಿಟ್ ನೋಟ್ ಶರತ್ತನ್ನೂ ಹೊನಗಾದವ್ರು ಒಪ್ಪಿದ್ರು. ಅವ್ರಿಗೆ ಮೊದ್ಲು 5 ಸ್ಯಾಂಪಲ್‌ಗೆ ಆರ್ಡರ್ ಹೋತು, ಆ ಐದೂ ಪೀಸ್ ತೂಕ ಮಾಡಿ, ಒಂದನ್ನ ಕತ್ತರಿಸಿ ನೋಡಿ, ಹಾರ್ಡ್‌ನೆಸ್ ತಗೊಂಡು ಪಾಸ್ ಮಾಡಿದ ಮ್ಯಾಲೆ 200ರ ಮೊದಲ ಲಾಟ್ ಬಿಡುಗಡೆ ಆತು, ಹೋಲಿಕೆ ಶೀಟ್ ಪ್ರಿಂಟ್ ತಗದು ಪರ್ಚೇಸ್ ಆರ್ಡರ್ ಫೈಲಿಗೆ ಹಚ್ಚಿದ್ರು.